ಹಾಳೆಯ ಗೆರೆ, ಗೋಡೆಯ ಗೆರೆ: ಒಂದು ಭಿತ್ತಿಚಿತ್ರದ ಪ್ರಸ್ತಾವವನ್ನು ಅಳೆದು ನೋಡಿದ ಬಗೆ

ಮಲೆನಾಡಿನ ಒಂದು ಸಣ್ಣ ಊರು. ಅಲ್ಲಿನ ಶಾಲೆಯ ಕಾಂಪೌಂಡ್ ಗೋಡೆಗೆ ಚಿತ್ರ ಬರೆಸಬೇಕೆಂದು ಹಳೆಯ ವಿದ್ಯಾರ್ಥಿಗಳು ಹಣ ಕೂಡಿಸಿದ್ದರು. ಬಂದ ಸ್ಕೆಚ್‌ಗಳನ್ನು ನೋಡಿ ಒಂದನ್ನು ಆರಿಸಲು ನಾಲ್ಕು ಜನರನ್ನು ಕರೆದಿದ್ದರು, ಅವರಲ್ಲಿ ನಾನೂ ಒಬ್ಬ. ಹೆಡ್‌ಮಾಸ್ಟರ ಕೋಣೆಯ ಮೇಜಿನ ಮೇಲೆ ಹಾಳೆಗಳನ್ನು ಹರಡಿದಾಗ ಎಲ್ಲರ ಕಣ್ಣೂ ಒಂದರ ಮೇಲೇ ನಿಂತಿತು. ಕೆಮ್ಮಣ್ಣಿನ ಬಣ್ಣದ ಹಿನ್ನೆಲೆ, ಅದರ ಮೇಲೆ ಕೂದಲೆಳೆಯಂಥ ಬಿಳಿ ಗೆರೆಗಳಲ್ಲಿ ಹಸೆ ಚಿತ್ತಾರ. ಬರೆದವಳು ಸಾಗರದ ಕಡೆಯ ಹುಡುಗಿ, ಕೈ ಪಳಗಿದ ಕಲಾವಿದೆ. "ಇದೇ ಆಗ್ಲಿ ಬಿಡಿ, ಇನ್ನೇನು ನೋಡೋದು" ಅಂದರು ಹೆಡ್‌ಮಾಸ್ಟರು.

ನಾನು ಒಂದು ದಿನ ತಡೆಯಿರಿ ಎಂದೆ. ಸ್ಕೆಚ್ ಕೆಟ್ಟದೆಂದಲ್ಲ. ನಾವು ಆರಿಸಬೇಕಾಗಿದ್ದುದು ಗೋಡೆಯನ್ನು, ಮೇಜಿನ ಮೇಲಿದ್ದದ್ದು ಹಾಳೆ. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಮೂರು ಸಂಗತಿಗಳು ನಡುವೆ ಬರುತ್ತವೆ: ಚಿತ್ರ ಎಷ್ಟು ಪಟ್ಟು ಹಿಗ್ಗುತ್ತದೆ, ಗೋಡೆ ಎಷ್ಟು ಒರಟು, ನೋಡುವವರು ಎಲ್ಲಿ ನಿಲ್ಲುತ್ತಾರೆ. ಮೂರನ್ನೂ ಬೇರೆಬೇರೆಯಾಗಿ ಚರ್ಚಿಸಿದರೆ ಮಾತು ರುಚಿ-ಅಭಿರುಚಿಗೆ ತಿರುಗಿ ಅಲ್ಲೇ ಸುತ್ತುತ್ತದೆ. ನಾನು ಮಾಡುವುದು ಇಷ್ಟೇ: ಮೂರನ್ನೂ ಒಂದೇ ಅಳತೆಗೆ, ಅಂದರೆ ಗೋಡೆಯ ಮೇಲಿನ ಮಿಲಿಮೀಟರಿಗೆ ತರುತ್ತೇನೆ. ಆಗ ಅವು ಪರಸ್ಪರ ಮಾತಾಡಿಕೊಳ್ಳುತ್ತವೆ.

ಮೊದಲು ಹಿಗ್ಗುವ ಲೆಕ್ಕ. ಗೋಡೆ 60 ಅಡಿ ಉದ್ದ, 8 ಅಡಿ ಎತ್ತರ. ಅಂದರೆ ಉದ್ದವು ಎತ್ತರದ ಏಳೂವರೆ ಪಟ್ಟು. ಸ್ಕೆಚ್‌ಗೂ ಇದೇ ಪ್ರಮಾಣ ಇರಬೇಕು, ಇಲ್ಲದಿದ್ದರೆ ಮುಂದಿನ ಮಾತೇ ಇಲ್ಲ. ಮೇಜಿನ ಮೇಲಿದ್ದ ಇನ್ನೊಂದು ಪ್ರಸ್ತಾವ 40 ಸೆಂಟಿಮೀಟರ್ ಅಗಲ, 16 ಸೆಂಟಿಮೀಟರ್ ಎತ್ತರ ಇತ್ತು. ಕಾಡು, ಹೊಳೆ, ಹಕ್ಕಿ ಎಲ್ಲ ಚೆಂದವೇ. ಆದರೆ ಅದನ್ನು 8 ಅಡಿ ಎತ್ತರಕ್ಕೆ ಕೂರಿಸಿದರೆ ಉದ್ದ 20 ಅಡಿಗೇ ಮುಗಿಯುತ್ತದೆ, 60 ಅಡಿ ತುಂಬಿಸಲು ಹೋದರೆ 24 ಅಡಿ ಎತ್ತರದ ಗೋಡೆ ಬೇಕು. ಅಡ್ಡಕ್ಕೆ ಎಳೆದು ಹೊಂದಿಸಿದರೆ ಹಕ್ಕಿ ಬಾತುಕೋಳಿಯಾಗುತ್ತದೆ. ಅದನ್ನು ಬರೆದವರು ಗೋಡೆಯನ್ನು ನೋಡಿರಲೇ ಇಲ್ಲ, ನೋಡಿದ್ದು ಹಾಳೆಯನ್ನು.

ಚಿತ್ತಾರದ ಹುಡುಗಿ ಈ ತಪ್ಪು ಮಾಡಿರಲಿಲ್ಲ. ಎ3 ಹಾಳೆಯಲ್ಲಿ 40 ಸೆಂಟಿಮೀಟರ್ ಉದ್ದ, 5.3 ಸೆಂಟಿಮೀಟರ್ ಎತ್ತರದ ಪಟ್ಟಿ ಎಳೆದು ಅದರೊಳಗೇ ಬರೆದಿದ್ದಳು. 60 ಅಡಿ ಎಂದರೆ ಸುಮಾರು 18.3 ಮೀಟರ್. ಅದನ್ನು 40 ಸೆಂಟಿಮೀಟರಿನಿಂದ ಭಾಗಿಸಿದರೆ ಸುಮಾರು 46. ಈ 46 ಎಂಬ ಸಂಖ್ಯೆಯನ್ನು ಕೈಯಲ್ಲಿ ಹಿಡಿದುಕೊಂಡರೆ ಉಳಿದ ಎಲ್ಲ ಬೀಗಗಳೂ ತೆರೆಯುತ್ತವೆ.

ಅವಳು ಬಳಸಿದ್ದು 0.3 ಮಿಲಿಮೀಟರಿನ ಪೆನ್ನು. ಗೋಡೆಯ ಮೇಲೆ ಆ ಗೆರೆ 14 ಮಿಲಿಮೀಟರ್ ದಪ್ಪವಾಗುತ್ತದೆ. ಗೆರೆಗೂ ಗೆರೆಗೂ ನಡುವೆ ಬಿಟ್ಟಿದ್ದ ಅರ್ಧ ಮಿಲಿಮೀಟರ್ ಜಾಗ 23 ಮಿಲಿಮೀಟರ್ ಆಗುತ್ತದೆ. ಹಾಳೆಯಲ್ಲಿ ಕೈ ಒಂದು ಮಿಲಿಮೀಟರ್ ಜಾರಿದ್ದರೆ ಗೋಡೆಯಲ್ಲಿ ಅದು ನಾಲ್ಕೂವರೆ ಸೆಂಟಿಮೀಟರಿನ ಸೊಟ್ಟ. ಇನ್ನೊಂದು ಕಡೆ, ಹಾಳೆಯಲ್ಲಿ ಕಣ್ಣಿಗೆ ವಿಶ್ರಾಂತಿ ಕೊಡುವ ಹೆಬ್ಬೆರಳಗಲದ ಖಾಲಿ ಜಾಗ ಗೋಡೆಯಲ್ಲಿ ಒಂದು ಮೀಟರಿಗೆ ಹತ್ತಿರವಾಗಿ, ಬಣ್ಣ ಸಾಲದೆ ಬಿಟ್ಟ ಹಾಗೆ ಕಾಣುತ್ತದೆ. ಚಿಕ್ಕದರಲ್ಲಿ ತುಂಬಿದಂತೆ ಕಂಡದ್ದು ದೊಡ್ಡದರಲ್ಲಿ ಖಾಲಿಯಾಗುವುದು ಇಲ್ಲಿ ಮಾಮೂಲಿ.

ಇನ್ನು ಗೋಡೆಯ ಮೈ. ಮರುದಿನ ಬೆಳಿಗ್ಗೆ ನಾವು ನಾಲ್ವರೂ ಅಲ್ಲಿಗೆ ಹೋದೆವು. ಅದು ನುಣುಪು ಗಾರೆಯ ಗೋಡೆ ಅಲ್ಲ. ಸಿಮೆಂಟಿಗೆ ಸಣ್ಣ ಜಲ್ಲಿ ಬೆರೆಸಿ ಗೋಡೆಗೆ ಎರಚಿ ಬಿಟ್ಟಿದ್ದರು, ಮೇಸ್ತ್ರಿಗಳು ರಫ್ ಕಾಸ್ಟ್ ಅನ್ನುತ್ತಾರಲ್ಲ, ಅದು. ಪೋಸ್ಟರ್ ಅಂಟಿಸುವವರನ್ನು ದೂರವಿಡಲು ಮಾಡಿಸಿದ್ದಂತೆ. ಪೋಸ್ಟರಿನವರಿಗೆ ಆದ ಕಷ್ಟವೇ ಈಗ ಚಿತ್ರ ಬರೆಯುವವರಿಗೂ ಕಾದಿತ್ತು. ಸ್ಕೇಲನ್ನು ಗೋಡೆಗೆ ಅಡ್ಡ ಒತ್ತಿ ಹಿಡಿದು ನೋಡಿದೆ. ಉಬ್ಬುಗಳು 8ರಿಂದ 10 ಮಿಲಿಮೀಟರ್ ಅಗಲ, ಪಕ್ಕದ ಗುಳಿಯಿಂದ ಸುಮಾರು 8 ಮಿಲಿಮೀಟರ್ ಎತ್ತರ.

ಇಂಥ ಗೋಡೆಯ ಮೇಲೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆದು ನೋಡಿ, ವಿಷಯ ಅರ್ಥವಾಗಿಬಿಡುತ್ತದೆ. ಸುಣ್ಣ ಉಬ್ಬಿನ ನೆತ್ತಿಗೆ ಮಾತ್ರ ಹತ್ತುತ್ತದೆ, ಗುಳಿಗಳು ಖಾಲಿ ಉಳಿಯುತ್ತವೆ. ಗೆರೆ ಎಂದುಕೊಂಡದ್ದು ಚುಕ್ಕಿಗಳ ಸಾಲು. ಕುಂಚದಲ್ಲಿ ಬಣ್ಣವನ್ನು ಒತ್ತಿ ಗುಳಿಗಿಳಿಸಬಹುದು, ಆದರೆ ಗೆರೆಯ ಅಂಚು ಒಂದು ಉಬ್ಬನ್ನು ಹತ್ತಿ ಇಳಿಯುವಷ್ಟರಲ್ಲಿ ಅರ್ಧ ಉಬ್ಬಿನಷ್ಟು ಅತ್ತಿತ್ತ ಸರಿಯುತ್ತದೆ. ಎರಡು ಅಂಚುಗಳೂ ನಾಲ್ಕೈದು ಮಿಲಿಮೀಟರ್ ಅಲುಗಾಡಿದರೆ 14 ಮಿಲಿಮೀಟರಿನ ಗೆರೆ ಒಂದು ಕಡೆ 5, ಇನ್ನೊಂದು ಕಡೆ 23 ಆಗಿ ನಿಲ್ಲುತ್ತದೆ. ನೋಡುವವರಿಗೆ ಅದು ಒರಟು ಗೋಡೆಯ ತಪ್ಪಾಗಿ ಕಾಣುವುದಿಲ್ಲ, ಬರೆದವಳ ಕೈ ನಡುಗಿದಂತೆ ಕಾಣುತ್ತದೆ. ನಾನು ಇಟ್ಟುಕೊಂಡಿರುವ ಅಂದಾಜು ಇದು: ಅತಿ ತೆಳುವಾದ ಗೆರೆ ಉಬ್ಬಿನ ಅಗಲದ ಮೂರು ಪಟ್ಟಾದರೂ ಇರಬೇಕು. ಆಗ ಅಂಚಿನ ಅಲುಗಾಟ ಗೆರೆಯ ದಪ್ಪದಲ್ಲಿ ಮುಳುಗಿಹೋಗುತ್ತದೆ. ಇದು ಯಾವ ಪುಸ್ತಕದ ನಿಯಮವೂ ಅಲ್ಲ, ಕೆಟ್ಟುಹೋದ ಗೋಡೆಗಳನ್ನು ನೋಡಿ ನೋಡಿ ಬಂದ ಲೆಕ್ಕ. ಈ ಗೋಡೆಗೆ ಅದು 30 ಮಿಲಿಮೀಟರ್.

ಒರಟು ಗೋಡೆಗೆ ಇನ್ನೊಂದು ಚಾಳಿಯಿದೆ, ಅದು ತನ್ನದೇ ನೆರಳನ್ನು ತಾನೇ ಬರೆದುಕೊಳ್ಳುತ್ತದೆ. ಈ ಗೋಡೆ ಪೂರ್ವಕ್ಕೆ ಮುಖ ಮಾಡಿದೆ. ಬೆಳಿಗ್ಗೆ ಏಳೂವರೆಗೆ ಬಿಸಿಲು ನೇರವಾಗಿ ಬೀಳುವಾಗ ಉಬ್ಬುಗಳು ಇವೆಯೆಂದೇ ಗೊತ್ತಾಗುವುದಿಲ್ಲ. ಹನ್ನೊಂದೂವರೆಯ ಹೊತ್ತಿಗೆ ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲೆ ಬಂದು ಬೆಳಕು ಗೋಡೆಯನ್ನು ಸವರಿಕೊಂಡು ಇಳಿಯುತ್ತದೆ. ಆಗ 8 ಮಿಲಿಮೀಟರಿನ ಉಬ್ಬಿನ ಕೆಳಗೆ ಅದರ ಮೂರು-ನಾಲ್ಕು ಪಟ್ಟು ಉದ್ದದ ನೆರಳು ತೂಗುತ್ತದೆ. ಗೋಡೆಯಿಡೀ ಕಪ್ಪು ಚುಕ್ಕೆಗಳ ಜಾಲ. ಬಿಳಿ ಬಣ್ಣ ಬೂದಿಯಾಗುತ್ತದೆ, ಕೆಂಪು ಕಂದಾಗುತ್ತದೆ, ಕೆಂಪಿನ ಮೇಲೆ ಕಪ್ಪಿನಲ್ಲಿ ಬರೆದದ್ದು ಪೂರ್ತಿ ಮಾಯವಾಗುತ್ತದೆ. ಬಣ್ಣಗಳ ನಡುವಿನ ಅಂತರ ಸಾಕೋ ಇಲ್ಲವೋ ಎಂದು ನೋಡಲು ಸ್ಕೆಚ್ಚಿನ ಫೋಟೋ ತೆಗೆದು ಮೊಬೈಲಿನಲ್ಲೇ ಕಪ್ಪು-ಬಿಳುಪು ಮಾಡಿ. ಅದರಲ್ಲಿ ಒಂದಕ್ಕೊಂದು ಅಂಟಿಕೊಂಡ ಬಣ್ಣಗಳು ಒರಟು ಗೋಡೆಯ ಮೇಲೆ ಬೇರೆಯಾಗಿ ನಿಲ್ಲುವುದಿಲ್ಲ. ಕೆಮ್ಮಣ್ಣಿನ ಮೇಲೆ ಬಿಳಿ ಈ ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾಗುತ್ತದೆ. ಚಿತ್ತಾರ ಬರೆಯುವ ದೀವರ ಹೆಂಗಸರು ಈ ಜೋಡಿಯನ್ನು ಸುಮ್ಮನೆ ಇಟ್ಟುಕೊಂಡಿಲ್ಲ, ಮಲೆನಾಡಿನ ಮನೆಯೊಳಗಿನ ಮಬ್ಬು ಬೆಳಕಿನಲ್ಲೂ ಅದು ಎದ್ದು ಕಾಣುತ್ತದೆ.

ಆದರೆ ಅವರ ಗೋಡೆಯೇ ಬೇರೆ. ಮಣ್ಣಿನ ಗೋಡೆಯನ್ನು ಸಾರಿಸಿ ನುಣುಪು ಮಾಡಿ, ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳಿಯಲ್ಲಿ ಪುಂಡಿ ನಾರಿನ ಕುಂಚ ಅದ್ದಿ ಎಳೆಯುವ ಎಳೆ ಅದು. ನೋಡುವವರು ಮನೆಯೊಳಗೆ ಕೈಯಳತೆಯಲ್ಲಿ ಕೂತಿರುತ್ತಾರೆ. ನುಣುಪು ಮೈ, ಹತ್ತಿರದ ಕಣ್ಣು ಎರಡೂ ಇದ್ದದ್ದರಿಂದಲೇ ಅಷ್ಟು ತೆಳು ಗೆರೆ ಹುಟ್ಟಿತು. ರಸ್ತೆ ಬದಿಯ ಕಾಂಪೌಂಡಿಗೆ ಅದನ್ನು ತಂದಾಗ ಎರಡೂ ಕಳೆದುಹೋಗುತ್ತವೆ.

ಹಾಗಾದರೆ ರಸ್ತೆಯಲ್ಲಿ ನೋಡುವವರು ಎಲ್ಲಿ ನಿಲ್ಲುತ್ತಾರೆ? ಇದನ್ನು ಊಹಿಸಬೇಕಾಗಿಲ್ಲ, ಅರ್ಧ ಗಂಟೆ ಅಲ್ಲಿ ನಿಂತರೆ ತಿಳಿಯುತ್ತದೆ. ಗೋಡೆಯ ಪಕ್ಕದ ಕಾಲುದಾರಿಯಲ್ಲಿ ನಡೆಯುವ ಮಕ್ಕಳು ಒಂದೂವರೆ ಮೀಟರ್ ದೂರದಲ್ಲಿದ್ದರು. ರಸ್ತೆಯಾಚೆ ಟೀ ಅಂಗಡಿ, ಗೋಡೆಯಿಂದ 9 ಮೀಟರ್. ಅದೇ ಬದಿಯಲ್ಲಿ ಮುಂದೆ ಬಸ್‌ಸ್ಟಾಪ್, ಅಲ್ಲಿಂದ ಗೋಡೆಯ ನಡುಭಾಗ ಓರೆಯಾಗಿ 25 ಮೀಟರ್. ಬೈಕಿನವರನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಅವರು 60 ಅಡಿಯನ್ನು ಎರಡು ಸೆಕೆಂಡು ಚಿಲ್ಲರೆಯಲ್ಲಿ ದಾಟುತ್ತಾರೆ, ಅವರು ಕಾಣುವುದು ಕೆಂಪು ಮಾತ್ರ.

ಇಲ್ಲಿ 46 ಮತ್ತೆ ಕೆಲಸಕ್ಕೆ ಬರುತ್ತದೆ. ಗೋಡೆಯ ಮುಂದೆ ನಿಂತ ದೂರವನ್ನು ಅದರಿಂದಲೇ ಭಾಗಿಸಿದರೆ ಸ್ಕೆಚ್ಚನ್ನು ಕಣ್ಣಿನಿಂದ ಎಷ್ಟು ದೂರ ಹಿಡಿಯಬೇಕೆಂದು ಸಿಗುತ್ತದೆ. ಬಸ್‌ಸ್ಟಾಪಿನ 25 ಮೀಟರ್ ಎಂದರೆ ಸ್ಕೆಚ್ಚಿಗೆ 54 ಸೆಂಟಿಮೀಟರ್. ಟೀ ಅಂಗಡಿಯ 9 ಮೀಟರಿಗೆ 20 ಸೆಂಟಿಮೀಟರ್, ಅಂದರೆ ಒಂದು ಗೇಣಿಗಿಂತ ಕಡಿಮೆ. ಕಾಲುದಾರಿಗೆ ಬರೀ ಮೂರು ಸೆಂಟಿಮೀಟರ್ ಚಿಲ್ಲರೆ, ಹಾಳೆ ಮೂಗಿಗೇ ತಗಲುತ್ತದೆ. ಹೆಡ್‌ಮಾಸ್ಟರ ಮೇಜಿನ ಮೇಲೆ ನಾವು ನೋಡಿದ್ದು ಸುಮಾರು 40 ಸೆಂಟಿಮೀಟರಿನಿಂದ. ಅದು ಗೋಡೆಯಿಂದ 18 ಮೀಟರ್ ಹಿಂದೆ ನೇರ ಎದುರಿಗೆ ನಿಂತ ಹಾಗೆ. ಆ ಜಾಗದಲ್ಲಿ ಇರುವುದು ಟೀ ಅಂಗಡಿಯ ಹಿಂದಿನ ಅಡಿಕೆ ತೋಟ. ನಮ್ಮ ತೀರ್ಮಾನ ಯಾರೂ ನಿಲ್ಲದ ಜಾಗದಿಂದ ಹೊರಟಿತ್ತು. ಇದನ್ನು ಹೇಳಿದಾಗ ಹೆಡ್‌ಮಾಸ್ಟರು ಹಾಳೆಯನ್ನು ಮುಖಕ್ಕೆ ಹತ್ತಿರ ಹಿಡಿದು, ಆಮೇಲೆ ದೂರ ಹಿಡಿದು, "ಅಯ್ಯೋ ಮೇಷ್ಟ್ರೇ, ಎರಡೂ ಕಡೆ ಪೂರ್ತಿ ಕಾಣಲ್ವಲ್ಲ" ಅಂದರು. ಸರಿಯಾದ ಮಾತು. ಟೀ ಅಂಗಡಿಯಿಂದ ಗೋಡೆಯ ಎರಡು ತುದಿಗಳ ನಡುವಿನ ಕೋನ ಸುಮಾರು 90 ಡಿಗ್ರಿ. ಕತ್ತು ತಿರುಗಿಸದೆ ಇಡೀ ಚಿತ್ರ ಕಾಣುವುದೇ ಇಲ್ಲ. ಆದ್ದರಿಂದ ನಡುವೆ ಒಂದು ದೊಡ್ಡ ಮುಖ್ಯ ಚಿತ್ರ, ಎರಡೂ ಬದಿಗೆ ಪೂರಕ ಎಂಬ ರಚನೆ ಇಲ್ಲಿ ಕೆಲಸ ಮಾಡುವುದಿಲ್ಲ. ಸಾಲಾಗಿ ಓದಿಕೊಂಡು ಹೋಗುವ ತುಣುಕುಗಳು ಬೇಕು. ಅದೃಷ್ಟಕ್ಕೆ ಚಿತ್ತಾರದ ಪಟ್ಟಿ ಹಾಗೆಯೇ ಇತ್ತು.

ಕಣ್ಣು ಎಷ್ಟು ಸಣ್ಣದನ್ನು ಹಿಡಿಯಬಲ್ಲದು ಎಂಬುದಕ್ಕೆ ಸುಲಭದ ಲೆಕ್ಕವಿದೆ. ಆರೋಗ್ಯವಂತ ಕಣ್ಣು ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟನ್ನು ಬೇರ್ಪಡಿಸಿ ನೋಡಬಲ್ಲದು. 10 ಮೀಟರ್ ದೂರದಲ್ಲಿ ಅದು ಸುಮಾರು 3 ಮಿಲಿಮೀಟರ್. 25 ಮೀಟರಿಗೆ 7 ಮಿಲಿಮೀಟರ್ ಚಿಲ್ಲರೆ. ಇದು ಕಣ್ಣು ಕಿರಿದು ಮಾಡಿ ಕಾಣುವ ಕೊನೆಯ ಗಡಿ. ಬಸ್ಸಿಗೆ ಕಾಯುವವರು ಆರಾಮವಾಗಿ ಕಾಣಬೇಕಾದರೆ ಅದರ ಮೂರು ಪಟ್ಟು, ಅಂದರೆ 21-22 ಮಿಲಿಮೀಟರ್ ಇಟ್ಟುಕೊಳ್ಳುತ್ತೇನೆ.

ಈಗ ಮೂರೂ ಒಂದೇ ಅಳತೆಗೆ ಬಂದವು. ಸ್ಕೆಚ್ ಕೊಡುತ್ತಿರುವುದು 14, ದೂರ ಕೇಳುತ್ತಿರುವುದು 22, ಗೋಡೆ ಕೇಳುತ್ತಿರುವುದು 30. ಇವುಗಳಲ್ಲಿ ದೊಡ್ಡದರ ಮಾತೇ ನಡೆಯುತ್ತದೆ. ಈ ಗೋಡೆಯ ಮಟ್ಟಿಗೆ ದೂರಕ್ಕಿಂತ ಒರಟುತನವೇ ಯಜಮಾನ. 30ನ್ನು 46ರಿಂದ ಭಾಗಿಸಿ ಹಾಳೆಗೆ ಹಿಂದಿರುಗಿದರೆ 0.65 ಮಿಲಿಮೀಟರ್ ಸಿಗುತ್ತದೆ. 0.3 ಪೆನ್ನನ್ನು ಕೆಳಗಿಟ್ಟು 0.7 ಪೆನ್ನು ಹಿಡಿದು ಮತ್ತೆ ಬರೆಯಮ್ಮಾ ಎಂದು ಹೇಳಿದರೆ ಕಲಾವಿದೆಗೆ ತಕ್ಷಣ ತಿಳಿಯುತ್ತದೆ. "ಗೆರೆ ಸ್ವಲ್ಪ ದಪ್ಪ ಇರಲಿ" ಎಂಬ ಸಲಹೆಯಿಂದ ಯಾರಿಗೂ ಏನೂ ತಿಳಿಯುವುದಿಲ್ಲ.

ಗೆರೆಗಿಂತ ಗೆರೆಗಳ ನಡುವಿನ ಜಾಗ ಹೆಚ್ಚು ತೊಂದರೆ ಕೊಟ್ಟಿತು. ಬಸ್‌ಸ್ಟಾಪಿನಿಂದ ನೋಟ ತೀರಾ ಓರೆ. 25 ಮೀಟರ್ ದೂರದಲ್ಲಿ ಗೋಡೆಯಿಂದ ನೇರ ಅಂತರ 9 ಮೀಟರ್ ಮಾತ್ರ ಇರುವುದರಿಂದ ಅಡ್ಡಗಲದ ಅಳತೆಗಳೆಲ್ಲ ಮೂರನೇ ಒಂದು ಭಾಗಕ್ಕೆ ಹತ್ತಿರವಾಗಿ ಕುಗ್ಗಿ ಕಾಣುತ್ತವೆ. ಎತ್ತರ ಕುಗ್ಗುವುದಿಲ್ಲ. ಹಾಗಾಗಿ ಅಡ್ಡ ಗೆರೆಗಳು ನಿಚ್ಚಳವಾಗಿ ಉಳಿದು ನಿಂತ ಗೆರೆಗಳು ಮಾತ್ರ ಒಂದರ ಮೇಲೊಂದು ಬೀಳುತ್ತವೆ. 23 ಮಿಲಿಮೀಟರ್ ಜಾಗ 8 ಮಿಲಿಮೀಟರಿನಂತೆ ಕಾಣುತ್ತದೆ, ಕಣ್ಣಿನ ಗಡಿ 7. ಇಷ್ಟೇ ಆಗಿದ್ದರೆ ಹೇಗೋ ನಡೆಯುತ್ತಿತ್ತು. ಅಷ್ಟು ಓರೆಯಿಂದ ನೋಡಿದಾಗ 8 ಮಿಲಿಮೀಟರಿನ ಒಂದೊಂದು ಉಬ್ಬೂ ತನ್ನ ಬೆನ್ನ ಹಿಂದಿನ ಸುಮಾರು 21 ಮಿಲಿಮೀಟರ್ ಗೋಡೆಯನ್ನು ಮರೆಮಾಡುತ್ತದೆ. ಬಿಟ್ಟ ಜಾಗವೇ 23, ಮರೆಯಾಗುವುದು 21. ಕಾಣುವುದು ಉಬ್ಬುಗಳ ನೆತ್ತಿ ಮಾತ್ರ, ಗುಳಿಯಲ್ಲಿ ಏನು ಬರೆದಿದ್ದರೂ ವ್ಯರ್ಥ. ಒರಟು ಗೋಡೆಯ ಚಿತ್ರಗಳು ಎದುರಿನಿಂದ ಚೆನ್ನಾಗಿದ್ದು ಪಕ್ಕದಿಂದ ಮಸುಕಾಗುವುದು ಈ ಕಾರಣಕ್ಕೆ.

ಜಾಗವನ್ನು 50 ಮಿಲಿಮೀಟರಿಗೆ ಏರಿಸಬೇಕೆಂದು ಲೆಕ್ಕ ಹಾಕಿದೆವು. ಆಗ ಮೂಲ ಸ್ಕೆಚ್ಚಿನಲ್ಲಿ ಒಂದಡಿ ಅಗಲದ ಅಂಚುಪಟ್ಟಿಯಲ್ಲಿದ್ದ ಒಂಬತ್ತು ಗೆರೆಗಳ ಜಾಗದಲ್ಲಿ ನಾಲ್ಕು ಹಿಡಿಯುತ್ತವೆ. ಕಲಾವಿದೆಯ ಮುಖ ಸಣ್ಣಗಾಯಿತು. "ನಾಲ್ಕೇ ಎಳೆ ಇದ್ರೆ ಅದು ಚಿತ್ತಾರ ಹೆಂಗಾಗುತ್ತೆ ಸರ್?" ಅಂದಳು. ಅವಳ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ಒತ್ತೊತ್ತಾದ ಎಳೆಯೇ ಆ ಕಲೆಯ ಜೀವ. ಲೆಕ್ಕ ಯಾವುದು ಕಾಣುತ್ತದೆ ಎಂದು ಹೇಳಬಲ್ಲದು, ಯಾವುದು ಉಳಿಯಬೇಕು ಎಂದು ಹೇಳಲಾರದು.

ಇಂಥ ಪೇಚಿಗೆ ದೊಡ್ಡವರೂ ಸಿಕ್ಕಿದ್ದಾರೆ. ಮೈಕೆಲೇಂಜೆಲೊ 1508ರಲ್ಲಿ ಸಿಸ್ಟೀನ್ ಚಾಪೆಲ್‌ನ ಛಾವಣಿ ಶುರುಮಾಡಿದಾಗ ಮೊದಮೊದಲು ಬರೆದ ಮಹಾಪ್ರಳಯದ ದೃಶ್ಯದಲ್ಲಿ ಹತ್ತಾರು ಸಣ್ಣ ಆಕೃತಿಗಳನ್ನು ತುರುಕಿದ. ಛಾವಣಿ ನೆಲದಿಂದ ಸುಮಾರು 20 ಮೀಟರ್ ಮೇಲಿದೆ. ಮುಂದಿನ ದೃಶ್ಯಗಳಲ್ಲಿ ಆಕೃತಿಗಳ ಸಂಖ್ಯೆ ಇಳಿದು ಗಾತ್ರ ಏರಿತು. ಆದರೆ ಮಹಾಪ್ರಳಯ ಇವತ್ತಿಗೂ ಕೆಳಗೆ ನಿಂತವರಿಗೆ ಗಿಜಿಗಿಜಿಯೇ.

ನಮ್ಮ ಮುಂದಿದ್ದ ದಾರಿ ಎರಡು. ಇಡೀ ಗೋಡೆಗೆ ನುಣುಪು ಗಾರೆ ಮಾಡಿಸುವುದು ಒಂದು. 480 ಚದರ ಅಡಿಯ ಕೆಲಸ, ಕೂಡಿಸಿದ ಹಣ ಅಲ್ಲಿಗೇ ಮುಗಿಯುತ್ತಿತ್ತು. ಇನ್ನೊಂದನ್ನು ಸೂಚಿಸಿದ್ದು ಕಲಾವಿದೆಯೇ. ಹಸೆ ಚಿತ್ತಾರ ಮನೆಯ ಗೋಡೆಯಲ್ಲೂ ಉದ್ದಕ್ಕೂ ಹರಡಿರುವುದಿಲ್ಲ, ಒಂದು ಚೌಕದೊಳಗೆ ಇರುತ್ತದೆ. ಹಾಗಾಗಿ ಒರಟು ಗೋಡೆಯ ಉದ್ದಕ್ಕೂ ದಪ್ಪ ಗೆರೆಯ ದೊಡ್ಡ ಆಕಾರಗಳು, ನಡುನಡುವೆ ಕಣ್ಣಿನ ಮಟ್ಟದಲ್ಲಿ ನಾಲ್ಕಡಿ ಚೌಕದ ಐದು ಹಸೆಗಳು. ಅಷ್ಟು ಜಾಗದ ಉಬ್ಬು ಕೆತ್ತಿ ತೆಗೆದು ನುಣುಪು ಗಾರೆ ಮಾಡುವುದು. ಒಟ್ಟು 80 ಚದರ ಅಡಿ. ದಪ್ಪ ಗೆರೆ ಬಸ್‌ಸ್ಟಾಪಿಗೆ, ತೆಳು ಎಳೆ ಕಾಲುದಾರಿಯ ಮಕ್ಕಳಿಗೆ. ಹೊಸ ಗಾರೆಯ ಮರಳಿನ ಕಣ ಸುಮಾರು ಒಂದು ಮಿಲಿಮೀಟರ್, ಹಾಗಾಗಿ ಅಲ್ಲಿ 3 ಮಿಲಿಮೀಟರಿನ ಎಳೆಯೂ ನಿಲ್ಲುತ್ತದೆ. ಒಂದೂವರೆ ಮೀಟರಿನಿಂದ ಅದು ಧಾರಾಳವಾಗಿ ಕಾಣುತ್ತದೆ. ಇದಕ್ಕೊಂದು ಷರತ್ತು ಹಾಕಿದೆವು. 46 ಪಟ್ಟಿನ ಸ್ಕೆಚ್ಚಿನಲ್ಲಿ 3 ಮಿಲಿಮೀಟರಿನ ಗೆರೆಯನ್ನು ತೋರಿಸುವಷ್ಟು ಸಣ್ಣ ಪೆನ್ನೇ ಇಲ್ಲ. ಆದ್ದರಿಂದ ಹಸೆಗಳಿಗೆ ಐದು ಪಟ್ಟಿನ ಬೇರೆ ಸ್ಕೆಚ್ ಬೇಕು. ಹೊಸ ಗಾರೆಯನ್ನು ಒಂದು ತಿಂಗಳು ಬಿಟ್ಟ ಮೇಲೆಯೇ ಬಣ್ಣ ಹಚ್ಚಬೇಕು ಎಂದೂ ಸೇರಿಸಿದೆವು. ಹಸಿ ಸಿಮೆಂಟಿನ ಕ್ಷಾರ ಬಣ್ಣವನ್ನು ಕೆಡಿಸುತ್ತದೆ.

ಚಿತ್ರವನ್ನು ಗೋಡೆಗೆ ದಾಟಿಸುವ ವಿಧಾನವನ್ನು ಪ್ರಸ್ತಾವದಲ್ಲಿ ಒಂದೇ ಸಾಲಿನಲ್ಲಿ ಬರೆದಿದ್ದಳು: "ಚೌಕ ಹಾಕಿ ಬರೆಯಲಾಗುವುದು." ಒಂದಡಿ ಚೌಕವೆಂದರೆ ಗೋಡೆಯಲ್ಲಿ 480 ಚೌಕ. ಸ್ಕೆಚ್ಚಿನಲ್ಲಿ ಒಂದೊಂದು ಚೌಕ ಏಳು ಮಿಲಿಮೀಟರಿಗೂ ಕಡಿಮೆ. ಅಷ್ಟು ಸಣ್ಣದರಿಂದ ನೇರ ಗೋಡೆಗೆ ಹಾರಿದರೆ ಪೆನ್ಸಿಲ್ ಮೊನೆಯಷ್ಟು ತಪ್ಪೇ ಎರಡು ಸೆಂಟಿಮೀಟರ್ ಆಗುತ್ತದೆ. ನಡುವೆ ಒಂದು ಮೆಟ್ಟಿಲು ಕೇಳಿದೆವು: ಹತ್ತನೇ ಒಂದರ ಅಳತೆಯಲ್ಲಿ, ಆರಡಿ ಉದ್ದ, ಒಂದು ಗೇಣು ಎತ್ತರದ ಸುರುಳಿ ಹಾಳೆ. ಪ್ರೊಜೆಕ್ಟರ್ ತರೋಣವೇ ಎಂದು ಒಬ್ಬರು ಕೇಳಿದರು. ಸಾಮಾನ್ಯ ಪ್ರೊಜೆಕ್ಟರ್ 9 ಮೀಟರ್ ದೂರದಿಂದ ಸುಮಾರು 6 ಮೀಟರ್ ಅಗಲದ ಚಿತ್ರ ಬೀರಬಹುದು. ಅಂದರೆ ಮೂರು-ನಾಲ್ಕು ಸಲ ಸರಿಸಬೇಕು, ಅದೂ ರಾತ್ರಿ, ನಡುವೆ ಲಾರಿಗಳು ಓಡಾಡುವಾಗ. ದೊಡ್ಡ ಆಕಾರಗಳಿಗೆ ಅಡ್ಡಿಯಿಲ್ಲ, ಆದರೆ ಪ್ರತಿ ಸಲ ಸರಿಸಿದಾಗ ಅಂಚುಪಟ್ಟಿ ಕೂಡುವ ಕಡೆ ಮುರಿಯುವ ಭಯ. ಅಂಚುಗಳನ್ನಾದರೂ ದಾರ ಕಟ್ಟಿಯೇ ಎಳೆಯಬೇಕು.

ದಾರ ಕಟ್ಟುವಾಗ ಗೊತ್ತಾದದ್ದು ಎಲ್ಲಕ್ಕಿಂತ ಮೊದಲೇ ಗೊತ್ತಾಗಬೇಕಿತ್ತು. ನೀರಿನ ಟ್ಯೂಬ್ ಹಿಡಿದು ಮಟ್ಟ ನೋಡಿದರೆ ಗೋಡೆಯ ತಲೆ ಸರಿಯಾಗಿತ್ತು, ರಸ್ತೆ ಮಾತ್ರ ಒಂದು ತುದಿಯಿಂದ ಇನ್ನೊಂದಕ್ಕೆ ಒಂದಡಿ ಏರಿತ್ತು. ಗೇಟಿನ ಬಳಿ 8 ಅಡಿಯ ಗೋಡೆ ಆಚೆ ತುದಿಯಲ್ಲಿ 7 ಅಡಿ. ಕಾಗದದಲ್ಲಿ ಮಾತ್ರ ಎಲ್ಲೆಡೆ 8. ನೆಲದಿಂದ ಅಳೆದು ಚೌಕ ಹಾಕಿದ್ದರೆ ಅಂಚುಪಟ್ಟಿ ರಸ್ತೆಯ ಜೊತೆ ಹತ್ತಿಕೊಂಡು ಹೋಗುತ್ತಿತ್ತು. ತಲೆಯಿಂದ ಕೆಳಕ್ಕೆ ಅಳೆಯುವುದೆಂದು ಬರೆದುಕೊಂಡೆವು. ಕೆಳಗಿನ ಒಂದಡಿಯಲ್ಲಿ ಏನನ್ನೂ ಬರೆಯದೆ ಬರೀ ಕೆಂಪು ಬಿಡುವುದೆಂದೂ ಆಯಿತು. ಮಳೆಗಾಲದಲ್ಲಿ ಕೆಸರು ಸಿಡಿಯುವುದು ಅಲ್ಲಿಗೇ.

ಒಪ್ಪಿಗೆಗೆ ಮುಂಚೆ ಮೂರಡಿ ಚೌಕದ ಮಾದರಿಯನ್ನು ಆ ಗೋಡೆಯ ಮೇಲೆಯೇ, ಒರಟು ಭಾಗದಲ್ಲಿಯೇ ಬರೆಸಿದೆವು. 14, 22, 30 ಮಿಲಿಮೀಟರಿನ ಗೆರೆಗಳು ಪಕ್ಕಪಕ್ಕದಲ್ಲಿ, ನಿಂತವೂ ಮಲಗಿದವೂ. ಬಣ್ಣ ಅಂದುಕೊಂಡದ್ದರ ಎರಡರಷ್ಟು ಹೀರಿತು. ಡಬ್ಬಿಯ ಮೇಲೆ ಬರೆದಿರುವ ಚದರ ಅಡಿಯ ಲೆಕ್ಕ ನುಣುಪು ಗೋಡೆಗೆ ಎಂಬುದನ್ನು ನಮ್ಮ ಅಂದಾಜುಪಟ್ಟಿ ಮರೆತಿತ್ತು. ಹನ್ನೊಂದೂವರೆಗೆ ಬಸ್‌ಸ್ಟಾಪಿನಲ್ಲಿ ನಿಂತು ನೋಡಿದೆವು. 14ರ ನಿಂತ ಗೆರೆಗಳು ಬೂದುಬಣ್ಣದ ಮೋಡವಾಗಿದ್ದವು. 30ರದ್ದು ಗೆರೆಯಾಗಿಯೇ ಇತ್ತು. 22ರಲ್ಲಿ ಮಲಗಿದವು ಕಂಡವು, ನಿಂತವು ಬಿಟ್ಟುಬಿಟ್ಟು ಕಂಡವು. ಕಲಾವಿದೆ ಸ್ವಲ್ಪ ಹೊತ್ತು ನೋಡಿ, "ಹಂಗಾದ್ರೆ ಅಡ್ಡ ಎಳೆ ಎಲ್ಲ 22, ನಿಂತದ್ದು 30 ಮಾಡ್ತೀನಿ ಸರ್, ಒಂದೆರಡು ಎಳೆ ಜಾಸ್ತಿ ಹಿಡಿಯುತ್ತೆ" ಅಂದಳು. 22 ಒರಟುತನದ ನನ್ನ ಲೆಕ್ಕಕ್ಕೆ ಕಡಿಮೆಯೇ, ಆದರೆ ಕಣ್ಣೆದುರು ಕಾಣುತ್ತಿದ್ದುದರಿಂದ ನಾನು ವಾದ ಮಾಡಲಿಲ್ಲ.